ಚಿಕಿತ್ಸೆಗೂ ಮುಂಚಿನ ಎಣಿಕೆ: ಗೀಳು ಕಾಯಿಲೆಯ ಎಕ್ಸ್‌ಪೋಷರ್ ಚಿಕಿತ್ಸೆಗೆ ಏಕವ್ಯಕ್ತಿ ಪ್ರಯೋಗ ರೂಪಿಸಿದ ಒಂದು ಪ್ರಕರಣ

ಇಲ್ಲಿ ಬರುವ ಮಹಿಳೆಯನ್ನು ಶಾರದಾ ಎಂದು ಕರೆಯುತ್ತೇನೆ. ಹೆಸರು, ಊರು, ಉದ್ಯೋಗ ಎಲ್ಲವನ್ನೂ ಬದಲಿಸಿದೆ. ಅಂಕಿಗಳನ್ನು ಸಹ ಗುರುತು ಸಿಗದಂತೆ ತುಸು ಸರಿಸಿದೆ, ಏರಿಳಿತದ ಸ್ವರೂಪವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ.

ಶಾರದಾ ಅವರಿಗೆ ಮೂವತ್ತೈದರ ಆಸುಪಾಸು. ಗಂಡ, ಒಬ್ಬ ಮಗ, ಅತ್ತೆ ಇರುವ ಮನೆ. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಗೀಳು ಕಾಯಿಲೆ, ಅಂದರೆ ಒಸಿಡಿ, ಹಲವು ವರ್ಷಗಳಿಂದ ಇತ್ತು. ಮನೋವೈದ್ಯರು ಬರೆದುಕೊಟ್ಟ ಫ್ಲೂಆಕ್ಸೆಟಿನ್ ಮಾತ್ರೆಯ ಪ್ರಮಾಣ ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ಬದಲಾಗಿರಲಿಲ್ಲ. ಮಾತ್ರೆಯಿಂದ ಸ್ವಲ್ಪ ಅನುಕೂಲವಾಗಿತ್ತು, ಆದರೆ ದಿನದ ಬಹುಪಾಲು ಇನ್ನೂ ಗೀಳಿಗೇ ಹೋಗುತ್ತಿತ್ತು. ಒಸಿಡಿಯ ತೀವ್ರತೆಯನ್ನು ಅಳೆಯುವ ಯೇಲ್-ಬ್ರೌನ್ ಮಾಪಕದಲ್ಲಿ ಅವರ ಅಂಕ 27. ಈ ಮಾಪಕ 0ಯಿಂದ 40ರವರೆಗೆ ಇರುತ್ತದೆ, 24ರಿಂದ 31ರವರೆಗಿನದನ್ನು ತೀವ್ರ ಎಂದು ಪರಿಗಣಿಸುತ್ತಾರೆ.

ಅವರನ್ನು ಕಾಡುತ್ತಿದ್ದ ಆಚರಣೆಗಳು ಮುಖ್ಯವಾಗಿ ಮೂರು. ಹೊರಗಿನಿಂದ ಬಂದದ್ದನ್ನು, ಹಾಲಿನ ಪ್ಯಾಕೆಟ್ಟನ್ನಾಗಲಿ ಬಸ್ಸಿನ ಕಂಬಿಯನ್ನಾಗಲಿ, ಮುಟ್ಟಿದ ಮೇಲೆ ಮತ್ತೆ ಮತ್ತೆ ಸೋಪು ಹಚ್ಚಿ ಕೈ ತೊಳೆಯುವುದು. ರಾತ್ರಿ ಮಲಗಿದ ಮೇಲೆ ಎದ್ದು ಗ್ಯಾಸ್ ರೆಗ್ಯುಲೇಟರನ್ನೂ ಬಾಗಿಲ ಚಿಲಕವನ್ನೂ ನೋಡಿ ಬರುವುದು. ಸಂಜೆ ದೀಪ ಹಚ್ಚಿ ಸ್ತೋತ್ರ ಹೇಳುವಾಗ ಕೆಟ್ಟ ಆಲೋಚನೆಯೊಂದು ಹಾದುಹೋದರೆ ಮತ್ತೆ ಮೊದಲಿನಿಂದ ಹೇಳುವುದು.

ಚಿಕಿತ್ಸೆ ಯಾವುದಾಗಬೇಕೆಂಬ ಬಗ್ಗೆ ಗೊಂದಲವಿರಲಿಲ್ಲ. ಹೆದರಿಕೆ ಹುಟ್ಟಿಸುವುದನ್ನು ಬೇಕೆಂದೇ ಎದುರಿಸಿ, ಆಚರಣೆ ಮಾಡದೆ ಇದ್ದುಬಿಡುವ ಈ ಎಕ್ಸ್‌ಪೋಷರ್ ವಿಧಾನವನ್ನು ವಿಕ್ಟರ್ ಮೆಯರ್ 1966ರಲ್ಲಿ ಇಬ್ಬರು ರೋಗಿಗಳ ವರದಿಯಾಗಿ ಪ್ರಕಟಿಸಿದರು. ಅಲ್ಲಿಂದೀಚೆಗೆ ಅದು ಒಸಿಡಿಯ ಪ್ರಮುಖ ಮನಶ್ಚಿಕಿತ್ಸೆಯಾಗಿ ನಿಂತಿದೆ. ನಮ್ಮ ಮುಂದಿದ್ದ ಪ್ರಶ್ನೆ ಬೇರೆ. ನಮ್ಮ ತಂಡದ ಕಿರಿಯ ಚಿಕಿತ್ಸಕಿಯೊಬ್ಬರು ಈ ಪ್ರಕರಣವನ್ನೇ ಸಂಶೋಧನೆಯಾಗಿ ಮಾಡಲು ಬಯಸಿದ್ದರು. ಶಾರದಾ ಗುಣಮುಖರಾದರೆ, ಅದು ಈ ಚಿಕಿತ್ಸೆಯಿಂದಲೇ ಆಯಿತು ಎಂದು ಹೇಳಲು ನಮ್ಮ ಕೈಯಲ್ಲಿ ಏನಿರಬೇಕು?

ಮೊದಲೂ ಕೊನೆಗೂ ಅಳೆದರೆ ಏಕೆ ಸಾಲದು

ಚಿಕಿತ್ಸೆಗೆ ಮುಂಚೆ 27, ಮುಗಿದ ಮೇಲೆ 13 ಎಂದು ಎರಡು ಅಂಕಿ ಬರೆದರೆ ಅದು ಸಂತೋಷದ ಸುದ್ದಿ, ಪುರಾವೆಯಲ್ಲ. ಒಸಿಡಿ ತಾನಾಗಿಯೇ ಏರಿ ಇಳಿಯುವ ಕಾಯಿಲೆ. ಜನ ಆಸ್ಪತ್ರೆಗೆ ಬರುವುದು ಅದು ಅತಿ ಹೆಚ್ಚಾಗಿದ್ದಾಗ, ಆದ್ದರಿಂದ ಏನೂ ಮಾಡದಿದ್ದರೂ ಮುಂದಿನ ಕೆಲವು ವಾರಗಳಲ್ಲಿ ಅದು ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು. ಜೊತೆಗೆ ಮಗನ ಪರೀಕ್ಷೆ ಮುಗಿಯಬಹುದು, ಕಚೇರಿಯ ಒತ್ತಡ ಕಡಿಮೆಯಾಗಬಹುದು. ಎರಡು ಅಂಕಿಗಳ ನಡುವೆ ಇವೆಲ್ಲವೂ ಅಡಗಿ ಕೂರುತ್ತವೆ.

ಅದಕ್ಕಾಗಿಯೇ ಬೇಸ್‌ಲೈನ್ ಬೇಕು. ಚಿಕಿತ್ಸೆ ಆರಂಭಿಸುವ ಮೊದಲು ಅದೇ ವರ್ತನೆಯನ್ನು ದಿನದಿನವೂ ಎಣಿಸುತ್ತಾ ಹೋದರೆ, ಅದು ಸ್ಥಿರವಾಗಿದೆಯೇ, ಆಗಲೇ ಇಳಿಯುತ್ತಿದೆಯೇ, ವಾರದ ಕೊನೆಗೆ ಏರುತ್ತದೆಯೇ ಎಂಬುದು ಕಾಣುತ್ತದೆ. ಆ ರೇಖೆ ಇದ್ದಂತೆಯೇ ಮುಂದುವರಿದಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂದು ಊಹಿಸಬಹುದು, ಚಿಕಿತ್ಸೆಯ ನಂತರದ ಅಂಕಿಗಳನ್ನು ಆ ಊಹೆಯೊಂದಿಗೆ ಹೋಲಿಸಬಹುದು. ಏಕವ್ಯಕ್ತಿ ಪ್ರಯೋಗಗಳಿಗೆ ಬಳಕೆಯಲ್ಲಿರುವ ಮಾನದಂಡಗಳು ಪ್ರತಿ ಹಂತದಲ್ಲೂ ಕನಿಷ್ಠ ಐದು ಅಳತೆ ಇರಲಿ ಎನ್ನುತ್ತವೆ, ಮೂರಕ್ಕೆ ಇಳಿದರೆ ಷರತ್ತಿನ ಮೇಲೆ ಒಪ್ಪುತ್ತವೆ.

ಆದರೂ ಒಂದು ಬೇಸ್‌ಲೈನ್, ಅದರ ನಂತರ ಒಂದು ಚಿಕಿತ್ಸೆ ಎಂಬ ವಿನ್ಯಾಸ ದುರ್ಬಲವೇ. ಚಿಕಿತ್ಸೆ ಆರಂಭವಾದ ದಿನವೇ ಬೇರೇನಾದರೂ ಬದಲಾಗಿದ್ದರೆ ಎರಡನ್ನೂ ಬೇರ್ಪಡಿಸಲು ಆಗದು. ಚಿಕಿತ್ಸೆ ಕೊಟ್ಟು, ಹಿಂತೆಗೆದು, ಮತ್ತೆ ಕೊಡುವ ವಿನ್ಯಾಸ ಪಠ್ಯಪುಸ್ತಕಗಳಲ್ಲಿದೆ, ಆದರೆ ಇಲ್ಲಿ ಅದಕ್ಕೆ ಎಡೆಯಿಲ್ಲ. ಕೈ ತೊಳೆಯದೆ ಊಟ ಮಾಡಿಯೂ ಏನೂ ಆಗಲಿಲ್ಲ ಎಂದು ಒಮ್ಮೆ ಕಲಿತವರಿಂದ ಆ ಕಲಿಕೆಯನ್ನು ಹಿಂದಕ್ಕೆ ಪಡೆಯಲಾಗದು, ಪಡೆಯಲು ಯತ್ನಿಸುವುದೂ ತಪ್ಪು.

ಉಳಿದದ್ದು ಬಹುಬೇಸ್‌ಲೈನ್ ವಿನ್ಯಾಸ. ಮೂರೂ ಆಚರಣೆಗಳನ್ನು ಒಂದೇ ದಿನದಿಂದ ಎಣಿಸಲು ಶುರು ಮಾಡುವುದು, ಆದರೆ ಚಿಕಿತ್ಸೆಯನ್ನು ಒಂದೊಂದಕ್ಕೆ ಬೇರೆ ಬೇರೆ ಸಮಯದಲ್ಲಿ ಆರಂಭಿಸುವುದು. ಮೊದಲನೆಯದಕ್ಕೆ ಚಿಕಿತ್ಸೆ ಶುರುವಾದಾಗ ಅದು ಮಾತ್ರ ಇಳಿದು ಉಳಿದೆರಡು ಇದ್ದಲ್ಲೇ ಇದ್ದರೆ, ಆಮೇಲೆ ಎರಡನೆಯದು ತನ್ನ ಸರದಿಯಲ್ಲಿ ಇಳಿದರೆ, ಹೊರಗಿನ ಕಾರಣವನ್ನು ದೂರುವುದು ಕಷ್ಟ. ಹೊರಗಿನ ಕಾರಣವಾಗಿದ್ದರೆ ಮೂರೂ ಒಟ್ಟಿಗೇ ಇಳಿಯಬೇಕಿತ್ತು. ಈ ತರ್ಕ ನಿಂತಿರುವುದು ಮೂರೂ ಆಚರಣೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನೇ ಈ ಪ್ರಕರಣ ಪರೀಕ್ಷೆಗೆ ಒಡ್ಡಿತು.

ಏನನ್ನು ಎಣಿಸುವುದು

ಯೇಲ್-ಬ್ರೌನ್ ಮಾಪಕವನ್ನು ದಿನವೂ ಬಳಸಲು ಬರುವುದಿಲ್ಲ. ಅದು ಕಳೆದ ಒಂದು ವಾರದ ಬಗ್ಗೆ ಕೇಳುತ್ತದೆ. ನಿನ್ನೆ ಕೇಳಿದ್ದನ್ನು ಇವತ್ತೂ ಕೇಳಿದರೆ ಏಳರಲ್ಲಿ ಆರು ದಿನ ಅವೇ ಆಗಿರುತ್ತವೆ, ಬದಲಾವಣೆ ಮಸುಕಾಗುತ್ತದೆ. ಅದನ್ನು ಆರಂಭಕ್ಕೆ, ಕೊನೆಗೆ ಮತ್ತು ಮೂರು ತಿಂಗಳ ನಂತರಕ್ಕೆ ಮೀಸಲಿಟ್ಟು, ಚಿಕಿತ್ಸೆಯಲ್ಲಿ ಭಾಗವಹಿಸದ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆವು. ದಿನದ ಅಳತೆಗೆ ಎಣಿಸಬಹುದಾದ ವರ್ತನೆಯೇ ಬೇಕಿತ್ತು. ಆತಂಕದ ಮಟ್ಟವನ್ನು ನೂರಕ್ಕೆ ಇಷ್ಟು ಎಂದು ಹೇಳಿಸುವ ರೂಢಿ ಇದೆ, ಅದನ್ನು ಚಿಕಿತ್ಸೆಯ ಒಳಗೆ ಬಳಸಿದೆವು, ಆದರೆ ಮುಖ್ಯ ಅಳತೆಯಾಗಿ ಅಲ್ಲ. ಆತಂಕ ಇದ್ದಾಗಲೂ ಆಚರಣೆ ಮಾಡದೆ ಇರಬಲ್ಲೆ ಎಂದು ಕಲಿಯುವುದೇ ಚಿಕಿತ್ಸೆಯ ಗುರಿಯಾದ್ದರಿಂದ, ಒಳ್ಳೆಯ ಪ್ರಗತಿಯ ದಿನವೂ ಆತಂಕದ ಅಂಕ ಮೇಲೇ ಇರಬಹುದು.

ಕೈ ತೊಳೆಯುವುದನ್ನು ಅಳೆಯುವುದೇ ದೊಡ್ಡ ಕಸರತ್ತಾಯಿತು. ಮೊಬೈಲಿನಲ್ಲಿ ಸಮಯ ಗುರುತಿಸಿಕೊಳ್ಳಿ ಎಂದರೆ ಮೊಬೈಲೇ ಮೈಲಿಗೆಯ ವಸ್ತು. ಅದನ್ನು ಮುಟ್ಟಿದರೆ ಮತ್ತೆ ತೊಳೆಯಬೇಕು, ಅಂದರೆ ಅಳತೆಯೇ ಕಾಯಿಲೆಯನ್ನು ಹೆಚ್ಚಿಸುತ್ತದೆ. ಪೆನ್ನು, ಪುಸ್ತಕಕ್ಕೂ ಅದೇ ಗತಿ. ಶಾರದಾ ಅವರೇ ದಾರಿ ತೋರಿಸಿದರು. ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ, ಒಂದರಲ್ಲಿ ತೊಳೆದು ಒಣಗಿಸಿದ ಹುಣಸೆ ಬೀಜ. ಸೋಪು ಒಂದು ಸಲ ಹಚ್ಚಿದರೆ ಒಂದು ಬೀಜ ಈ ಲೋಟದಿಂದ ಆ ಲೋಟಕ್ಕೆ. ರಾತ್ರಿ ಎಣಿಸಿ ಬರೆದರೆ ಆಯಿತು. ನಿಮಿಷಗಳ ಬದಲು ಸೋಪು ಹಚ್ಚಿದ ಸಲಗಳು ನಮ್ಮ ಅಳತೆಯಾದವು. ಅವರ ಸೋಪು ಪ್ರತ್ಯೇಕವಾಗಿ ಇರುತ್ತಿದ್ದುದು ಇನ್ನೊಂದು ಅನುಕೂಲ. ಪ್ರತಿ ಭಾನುವಾರ ಬೆಳಿಗ್ಗೆ, ರಾತ್ರಿಯಿಡೀ ಒಣಗಿದ ಸೋಪನ್ನು ಅವರ ಗಂಡ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಿದ್ದರು. ಬೀಜದ ಲೆಕ್ಕ ಇಳಿದು ಸೋಪು ಮಾತ್ರ ಮೊದಲಿನಷ್ಟೇ ಕರಗುತ್ತಿದ್ದರೆ ಎಲ್ಲೋ ಲೋಪವಿದೆ ಎಂದು ತಿಳಿಯುತ್ತಿತ್ತು. ಬೇಸ್‌ಲೈನಿನಲ್ಲಿ ವಾರಕ್ಕೆ ಸುಮಾರು 110 ಗ್ರಾಂ ಸೋಪು ಕರಗುತ್ತಿತ್ತು.

ರಾತ್ರಿಯ ತಪಾಸಣೆಯ ವ್ಯಾಖ್ಯೆ ಮೊದಲು ಸರಳವಾಗಿಯೇ ಕಂಡಿತು: ಮಲಗಿದ ಮೇಲೆ ಎಷ್ಟು ಸಲ ಎದ್ದು ಹೋಗಿ ನೋಡಿದರು. ಆದರೆ ಯಾವ ಎಣಿಕೆಯಾದರೂ ಎಣಿಸುವವರನ್ನೇ ಬದಲಿಸುತ್ತದೆ. ಎಣಿಸಲು ಶುರು ಮಾಡಿದ ಕೂಡಲೇ ವರ್ತನೆ ಕೆಲವು ದಿನ ಇಳಿಯುವುದು ಸಾಮಾನ್ಯ. ಆದ್ದರಿಂದ ಮೊದಲ ವಾರವನ್ನು ಅಭ್ಯಾಸದ ವಾರ ಎಂದೂ, ಅದರ ಅಂಕಿಗಳನ್ನು ವಿಶ್ಲೇಷಣೆಗೆ ಸೇರಿಸುವುದಿಲ್ಲ ಎಂದೂ ಮೊದಲೇ ಬರೆದಿಟ್ಟಿದ್ದೆವು. ಆ ವಾರದಲ್ಲಿ ತಪಾಸಣೆ ದಿನಕ್ಕೆ 14ರಿಂದ 8ಕ್ಕೆ ಇಳಿಯಿತು. ಇದು ಎಣಿಕೆಯ ಪರಿಣಾಮವೇ ಇರಬೇಕು ಎಂದು ಬಿಟ್ಟುಬಿಡಬಹುದಿತ್ತು. ವಾರದ ಕೊನೆಗೆ ಗಂಡನನ್ನು ಬೇರೆಯಾಗಿ ಮಾತನಾಡಿಸಿದಾಗ ಅವರು ಹೇಳಿದರು: "ಮೇಡಂ, ಅವಳು ಏಳುವುದು ಕಡಿಮೆಯಾಗಿದೆ ನಿಜ. ಈಗ ನನ್ನನ್ನೇ ಎಬ್ಬಿಸಿ, 'ರೀ, ಗ್ಯಾಸ್ ಬಂದ್ ಮಾಡಿದ್ದೇನಲ್ಲವೇ?' ಎಂದು ಕೇಳುತ್ತಾಳೆ. ಮೊಬೈಲಿನಲ್ಲಿ ರೆಗ್ಯುಲೇಟರ್ ಫೋಟೊ ಬೇರೆ ತೆಗೆದಿಟ್ಟುಕೊಂಡಿದ್ದಾಳೆ."

ಆಚರಣೆ ಇಳಿದಿರಲಿಲ್ಲ, ರೂಪ ಬದಲಿಸಿತ್ತು. ವ್ಯಾಖ್ಯೆಯನ್ನು ಅಲ್ಲಿಯೇ ತಿದ್ದಿದೆವು: ಮಲಗಿದ ಮೇಲೆ ಗ್ಯಾಸ್ ಅಥವಾ ಚಿಲಕದ ಬಗ್ಗೆ ಖಾತರಿ ಪಡೆಯಲು ಮಾಡುವ ಯಾವುದೇ ಪ್ರಯತ್ನ, ಎದ್ದು ನೋಡುವುದು, ಕೇಳುವುದು, ಕಳಿಸುವುದು, ಫೋಟೊ ನೋಡುವುದು, ಪ್ರತಿಯೊಂದೂ ಒಂದು. ಒಸಿಡಿಯಲ್ಲಿ ಇಳಿಯುವ ಬೇಸ್‌ಲೈನ್ ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಅದೇ ಕೆಲಸವನ್ನು ಈಗ ಯಾರು, ಹೇಗೆ ಮಾಡುತ್ತಿದ್ದಾರೆ? ವ್ಯಾಖ್ಯೆ ನೆಲೆನಿಂತ ಮೇಲೆ ನಿಜವಾದ ಮೊದಲ ದಿನವನ್ನು ಎಣಿಸಿದೆವು.

ದೀಪದ ಮುಂದಿನ ಸ್ತೋತ್ರಕ್ಕೆ, ಮೊದಲಿನಿಂದ ಮತ್ತೆ ಹೇಳಲು ಶುರು ಮಾಡಿದ ಸಲಗಳು ಅಳತೆ. ಮುಟ್ಟಿನ ದಿನಗಳಲ್ಲಿ ಅವರ ಮನೆಯಲ್ಲಿ ದೀಪ ಹಚ್ಚುವ ಪದ್ಧತಿ ಇಲ್ಲ. ಆ ದಿನಗಳನ್ನು ಸೊನ್ನೆ ಎಂದು ಬರೆದರೆ ಬೇಸ್‌ಲೈನಿನ ನಡುವೆ ಸುಳ್ಳು ಕುಸಿತ ಕಾಣುತ್ತದೆ. ಖಾಲಿ ಬಿಡಬೇಕು ಎಂದು ಮೊದಲೇ ನಿರ್ಧರಿಸಿ ಬರೆದಿಟ್ಟೆವು.

ಇನ್ನೊಬ್ಬರ ಎಣಿಕೆಯೂ ಬೇಕಿತ್ತು. ಪ್ರತಿ ಹಂತದಲ್ಲೂ ಕನಿಷ್ಠ ಐದರಲ್ಲಿ ಒಂದು ಅಳತೆಯನ್ನು ಎರಡನೆಯವರು ಸ್ವತಂತ್ರವಾಗಿ ಎಣಿಸಿ, ಶೇಕಡಾ 80ಕ್ಕೆ ಕಡಿಮೆಯಾಗದಂತೆ ತಾಳೆಯಾಗಬೇಕೆಂಬುದು ರೂಢಿಯ ನಿಯಮ. ರಾತ್ರಿಯ ತಪಾಸಣೆಗೆ ಗಂಡ, ಚೀಟಿ ಎತ್ತಿ ಆರಿಸಿದ ದಿನಗಳಂದು, ತಮ್ಮದೇ ಲೆಕ್ಕ ಇಟ್ಟರು. ತಾಳೆ ಚೆನ್ನಾಗಿಯೇ ಬಂತು. ಸ್ತೋತ್ರವನ್ನು ಮಾತ್ರ ಶಾರದಾ ತುಟಿಯಲ್ಲೇ ಹೇಳುತ್ತಿದ್ದರು. ಗಟ್ಟಿಯಾಗಿ ಹೇಳಿ ಎಂದರೆ ಆಚರಣೆಯೇ ಬದಲಾಗುತ್ತದೆ. ಅಲ್ಲಿ ಅವರ ಸ್ವಂತ ಮಾತೊಂದೇ ಆಧಾರ, ಅದನ್ನು ವರದಿಯಲ್ಲಿ ಮಿತಿಯೆಂದೇ ಬರೆದೆವು.

ಚೀಟಿ ಎತ್ತಿ ದಿನ ಗೊತ್ತುಮಾಡಿದ್ದು

ಚಿಕಿತ್ಸೆಯನ್ನು ಯಾವ ದಿನ ಆರಂಭಿಸಬೇಕು ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ರೇಖೆ ಸ್ಥಿರವಾಗುವವರೆಗೆ ಕಾದು ಆರಂಭಿಸಬೇಕು ಎಂಬುದು ಒಂದು. ದಿನವನ್ನು ಮೊದಲೇ ಯಾದೃಚ್ಛಿಕವಾಗಿ ಗೊತ್ತುಮಾಡಬೇಕು ಎಂಬುದು ಇನ್ನೊಂದು. ನಾವು ಎರಡನೆಯದನ್ನು ಆರಿಸಿದೆವು, ಏಕೆಂದರೆ ರೇಖೆಯನ್ನು ನೋಡಿಕೊಂಡು ದಿನ ಆರಿಸುವವರಿಗೆ ಗೊತ್ತಿಲ್ಲದೆಯೇ ಆಯ್ಕೆ ವಾಲುತ್ತದೆ. ಕೆಟ್ಟ ವಾರದ ಮರುದಿನ ಆರಂಭಿಸಿದರೆ ಸಹಜ ಇಳಿತವೂ ಚಿಕಿತ್ಸೆಯ ಖಾತೆಗೆ ಬೀಳುತ್ತದೆ.

ಮೊದಲ ಆಚರಣೆಗೆ 8ರಿಂದ 12ನೇ ದಿನದೊಳಗೆ, ಎರಡನೆಯದಕ್ಕೆ 22ರಿಂದ 26, ಮೂರನೆಯದಕ್ಕೆ 36ರಿಂದ 40ರೊಳಗೆ ಒಂದು ದಿನ. ಯಾವುದು ಮೊದಲು, ಯಾವುದು ಕೊನೆ ಎಂಬುದೂ ಚೀಟಿಯಿಂದಲೇ. ಮೂರು ಆಚರಣೆಗಳನ್ನು ಆರು ಕ್ರಮಗಳಲ್ಲಿ ಜೋಡಿಸಬಹುದು, ಪ್ರತಿಯೊಂದಕ್ಕೂ ಐದು ದಿನಗಳ ಆಯ್ಕೆ. ಒಟ್ಟು 6 × 5 × 5 × 5 = 750 ಸಾಧ್ಯತೆಗಳು. ಚಿಕಿತ್ಸೆಯಿಂದ ಏನೂ ಆಗಿಲ್ಲದಿದ್ದರೆ, ನಿಜವಾಗಿ ಬಂದ ಚೀಟಿಯ ಪ್ರಕಾರ ಕಾಣುವ ಇಳಿತ, ಉಳಿದ 749 ಚೀಟಿಗಳ ಪ್ರಕಾರ ಲೆಕ್ಕ ಹಾಕಿದ ಇಳಿತಗಳ ನಡುವೆ ಎಲ್ಲಾದರೂ ಬಿದ್ದಿರುತ್ತದೆ. ಅದು ತುತ್ತತುದಿಯ ಕೆಲವುಗಳಲ್ಲೊಂದಾದರೆ ಆಕಸ್ಮಿಕ ಎನ್ನುವುದು ಕಷ್ಟ. ಒಂದೇ ಆಚರಣೆ, ಐದೇ ದಿನಗಳ ಆಯ್ಕೆ ಇದ್ದಿದ್ದರೆ ಎಂಥ ಅದ್ಭುತ ಇಳಿತಕ್ಕೂ ಸಿಗುವ ಅತಿ ಕಡಿಮೆ ಸಂಭವನೀಯತೆ ಐದರಲ್ಲಿ ಒಂದು.

750 ಎಂಬ ಸಂಖ್ಯೆಗೆ ಮರುಳಾಗುವುದು ಬೇಡ. ಎಕ್ಸ್‌ಪೋಷರ್ ನಿಧಾನವಾಗಿ ಕೆಲಸ ಮಾಡುವ ಚಿಕಿತ್ಸೆ. ಹತ್ತನೇ ದಿನ ಆರಂಭಿಸಿದರೂ ಹನ್ನೊಂದನೇ ದಿನ ಆರಂಭಿಸಿದರೂ ಲೆಕ್ಕ ಹೆಚ್ಚುಕಡಿಮೆ ಒಂದೇ ಬರುತ್ತದೆ. ನಿಜವಾದ ಬಲ ಇರುವುದು ಕ್ರಮದ ಯಾದೃಚ್ಛಿಕತೆಯಲ್ಲಿ ಮತ್ತು ಎರಡು ಆರಂಭಗಳ ನಡುವಿನ ಸುಮಾರು ಎರಡು ವಾರಗಳ ಅಂತರದಲ್ಲಿ. ಪರಿಣಾಮ ಕಾಣಲು ಒಂದು ವಾರವಾದರೂ ಬೇಕಾಗುವ ಚಿಕಿತ್ಸೆಗೆ ನಾಲ್ಕು ದಿನಗಳ ಅಂತರ ಇಟ್ಟಿದ್ದರೆ ಮೂರೂ ರೇಖೆಗಳು ಒಟ್ಟಿಗೇ ಇಳಿದಂತೆ ಕಾಣುತ್ತಿದ್ದವು.

ಕಾಯಿಸುವುದು ನ್ಯಾಯವೇ ಎಂದು ನೈತಿಕ ಸಮಿತಿ ಕೇಳಿತು, ಕೇಳಬೇಕಾದದ್ದೇ. ಯಾವುದಾದರೊಂದು ಆಚರಣೆಗೆ ಹನ್ನೆರಡು ದಿನಗಳೊಳಗೆ ಚಿಕಿತ್ಸೆ ಶುರುವಾಗಿಯೇ ಆಗುತ್ತದೆ, ಸಂಕಟ ಹೆಚ್ಚಾದರೆ ಚೀಟಿಯನ್ನು ಬದಿಗಿಟ್ಟು ಅಂದೇ ಎಲ್ಲಕ್ಕೂ ಆರಂಭಿಸುತ್ತೇವೆ, ಮನೋವೈದ್ಯರು ಅಗತ್ಯವೆನಿಸಿದರೆ ಮಾತ್ರೆ ಬದಲಿಸಲು ಸ್ವತಂತ್ರರು ಎಂದು ಬರೆದುಕೊಟ್ಟೆವು. ಶಾರದಾ ಅವರಿಗೂ ಇದನ್ನೇ ವಿವರಿಸಿ ಒಪ್ಪಿಗೆ ಪಡೆದೆವು.

ಏನಾಯಿತು

ಚೀಟಿಯಲ್ಲಿ ಬಂದ ಕ್ರಮ: ತಪಾಸಣೆ 10ನೇ ದಿನ, ಕೈ ತೊಳೆಯುವುದು 25ನೇ ದಿನ, ಸ್ತೋತ್ರ 37ನೇ ದಿನ.

ತಪಾಸಣೆಯ ಬೇಸ್‌ಲೈನ್ 10ರಿಂದ 16ರ ನಡುವೆ ಓಲಾಡುತ್ತಿತ್ತು, ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಚಿಕಿತ್ಸೆಯಲ್ಲಿ ರೆಗ್ಯುಲೇಟರನ್ನು ಒಮ್ಮೆ ಮುಚ್ಚಿ, ಫೋಟೊ ತೆಗೆಯದೆ, ಯಾರನ್ನೂ ಕೇಳದೆ ಹೋಗಿ ಮಲಗುವುದು. ಗಂಡ ಕೊಡಬೇಕಾದ ಉತ್ತರವನ್ನು ಮೂವರೂ ಕುಳಿತು ಗೊತ್ತುಮಾಡಿದೆವು: "ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದು ಮಾತಾಡಿಕೊಂಡಿದ್ದೇವಲ್ಲ." ಅತ್ಯಂತ ಕಷ್ಟವಾದದ್ದು ಇನ್ನೊಂದು. ತಪಾಸಣೆಗೆ ಸಹಕರಿಸುವುದನ್ನು ಅವರು ನಿಲ್ಲಿಸಬೇಕು, ಆದರೆ ಕೈ ತೊಳೆದು ಬಂದ ಹೆಂಡತಿಗೆ ಬಾಗಿಲು ತೆರೆದುಕೊಡುವುದನ್ನು 25ನೇ ದಿನದವರೆಗೆ ಮುಂದುವರಿಸಬೇಕು. ಮನೆಯವರ ಸಹಕಾರ ಹಿಂತೆಗೆಯುವುದೂ ಚಿಕಿತ್ಸೆಯ ಭಾಗವೇ. ಎಲ್ಲ ಕಡೆ ಒಮ್ಮೆಗೇ ಹಿಂತೆಗೆದರೆ ಹಂತಹಂತದ ವಿನ್ಯಾಸಕ್ಕೆ ಅರ್ಥವೇ ಉಳಿಯುವುದಿಲ್ಲ. ಅವರು ಅದನ್ನು ಶ್ರದ್ಧೆಯಿಂದ ಪಾಲಿಸಿದರು.

ಮೊದಲ ನಾಲ್ಕೈದು ರಾತ್ರಿ ಲೆಕ್ಕ ಹೆಚ್ಚೇನೂ ಇಳಿಯಲಿಲ್ಲ. ಎರಡನೇ ವಾರದಲ್ಲಿ 5ರ ಆಸುಪಾಸಿಗೆ, ಮೂರನೇ ವಾರದಲ್ಲಿ 2-3ಕ್ಕೆ ಬಂತು. ಆ ಅವಧಿಯಲ್ಲಿ ಕೈ ತೊಳೆಯುವುದು 31ರ ಸುತ್ತಲೇ ಇತ್ತು, ಸ್ತೋತ್ರ 9ರ ಸುತ್ತ. ವಿನ್ಯಾಸ ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಮಾಡುತ್ತಿತ್ತು. 25ನೇ ದಿನದಿಂದ ಹಾಲಿನ ಪ್ಯಾಕೆಟ್, ಚಪ್ಪಲಿಯ ಬಾರು, ಆಮೇಲೆ ಅದೇ ಕೈಯಿಂದ ತಮ್ಮ ದಿಂಬು ಮುಟ್ಟುವುದು, ಹೀಗೆ ಮುಂದುವರಿದು ತೊಳೆಯುವುದು ಕೊನೆಯ ವಾರದಲ್ಲಿ 11ಕ್ಕೆ ನಿಂತಿತು. ಸೋಪು ವಾರಕ್ಕೆ 40 ಗ್ರಾಂಗೆ ಇಳಿದದ್ದರಿಂದ ಬೀಜದ ಲೆಕ್ಕದ ಮೇಲೆ ನಂಬಿಕೆ ಗಟ್ಟಿಯಾಯಿತು.

ತಿರುವು ಬಂದದ್ದು 31ನೇ ದಿನದ ಸುಮಾರಿಗೆ. ಇನ್ನೂ ಚಿಕಿತ್ಸೆ ಆರಂಭವಾಗದ ಸ್ತೋತ್ರದ ರೇಖೆ ಇಳಿಯತೊಡಗಿತು. 36ನೇ ದಿನದ ಹೊತ್ತಿಗೆ 9 ಇದ್ದದ್ದು 4-5 ಆಗಿತ್ತು. ಆರಂಭದ ಸಂದರ್ಶನದಲ್ಲಿ ಶಾರದಾ ಎರಡಕ್ಕೂ ಬೇರೆ ಬೇರೆ ಭಯ ಹೇಳಿದ್ದರು: ಕೈ ತೊಳೆಯದಿದ್ದರೆ ಮಗನಿಗೆ ರೋಗ, ಸ್ತೋತ್ರ ಕೆಟ್ಟರೆ ದೇವರ ಮುನಿಸು. ದಿಂಬು ಮುಟ್ಟುವ ಅಭ್ಯಾಸದ ನಡುವೆ ಹೊಸದೊಂದು ಮಾತು ಬಂತು: ಕೈ ಶುದ್ಧವಿಲ್ಲದೆ ದೇವರ ಮುಂದೆ ನಿಂತಾಗಲೇ ಕೆಟ್ಟ ಆಲೋಚನೆ ಬರುವುದು ಎಂದು ಅವರು ನಂಬಿದ್ದರು. ಅಂದರೆ ಒಂದೇ ಬೇರಿಗೆ ಎರಡು ಕೊಂಬೆ. ತೊಳೆಯುವ ಭಯ ಸಡಿಲವಾದಾಗ ಸ್ತೋತ್ರದ ಭಯವೂ ತಾನಾಗಿ ಸಡಿಲವಾಯಿತು.

ಇಲ್ಲಿ ಎರಡು ನಿರ್ಧಾರಗಳು ಎದುರಾದವು. ಚೀಟಿಯ ದಿನವನ್ನು ಮುಂದೂಡಿ, ರೇಖೆ ನಿಲ್ಲುವವರೆಗೆ ಕಾಯೋಣವೇ? ಬೇಡ ಎಂದೆವು. ಹಾಗೆ ಮಾಡಿದ ಕ್ಷಣವೇ ಯಾದೃಚ್ಛಿಕತೆ ಮುಗಿಯುತ್ತದೆ. ಒಳ್ಳೆಯದಾಗುತ್ತಿರುವವರನ್ನು ನಮ್ಮ ಗ್ರಾಫಿಗಾಗಿ ಕಾಯಿಸುವುದೂ ಸಲ್ಲ. ಸ್ತೋತ್ರವನ್ನು ವರದಿಯಿಂದ ಕೈಬಿಟ್ಟು ಎರಡೇ ಆಚರಣೆಗಳ ಕಥೆ ಹೇಳೋಣವೇ? ಅದಂತೂ ಸಾಧ್ಯವೇ ಇಲ್ಲ. ಗೊತ್ತುಮಾಡಿದಂತೆ 37ನೇ ದಿನ ಆರಂಭಿಸಿದೆವು. ಸ್ತೋತ್ರವನ್ನು ಒಮ್ಮೆ ಹೇಳಿ, ಆಲೋಚನೆ ಬಂದರೆ ಬರಲಿ ಎಂದು ಬಿಟ್ಟು, ದೀಪದ ಮುಂದಿನಿಂದ ಎದ್ದು ಬರುವುದು. ಅವರ ಭಕ್ತಿಗೆ ಧಕ್ಕೆ ತರುವ ಯಾವುದನ್ನೂ ಮಾಡಿಸಲಿಲ್ಲ, ಆಲೋಚನೆಯನ್ನು ಅಳಿಸುವ ಪ್ರಯತ್ನವನ್ನು ಮಾತ್ರ ನಿಲ್ಲಿಸಿದೆವು. ಲೆಕ್ಕ 1-2ಕ್ಕೆ ಇಳಿಯಿತು.

ಯೇಲ್-ಬ್ರೌನ್ ಅಂಕ ಎಂಟು ವಾರಗಳ ಕೊನೆಗೆ 13. ಶೇಕಡಾ 35ರ ಇಳಿತವನ್ನು ಚಿಕಿತ್ಸೆಗೆ ಸ್ಪಂದನೆ ಎಂದು ಒಪ್ಪುವ ರೂಢಿಯಿದೆ, ಇಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಉಪಶಮನಕ್ಕೆ ಬೇಕಾದ 12ರ ಗೆರೆಯನ್ನು ಮಾತ್ರ ಒಂದು ಅಂಕದಿಂದ ಮುಟ್ಟಲಿಲ್ಲ, ಮೂರು ತಿಂಗಳ ನಂತರವೂ ಅಷ್ಟರಲ್ಲೇ ನಿಂತಿತ್ತು. 750 ಚೀಟಿಗಳೊಂದಿಗೆ ಹೋಲಿಸುವ ಯಾದೃಚ್ಛಿಕ ಪರೀಕ್ಷೆಯ ಫಲಿತಾಂಶ ಶೇಕಡಾ 5ರ ಗಡಿಯೊಳಗೆ ಬಂತು. ಆದರೆ ಅದು ಮೂರೂ ಆಚರಣೆಗಳ ಸರಾಸರಿಯ ಮೇಲೆ ಮಾಡಿದ ಪರೀಕ್ಷೆ. ಅದರ ಭಾರ ಹೊತ್ತದ್ದು ಮೊದಲ ಎರಡು.

ಹಾಗಾದರೆ ಏನು ಹೇಳಬಹುದು? ಇಂಥ ವಿನ್ಯಾಸದಲ್ಲಿ ಪರಿಣಾಮ ಮೂರು ಬೇರೆ ಬೇರೆ ಸಮಯಗಳಲ್ಲಿ ಕಾಣಿಸಿಕೊಳ್ಳಬೇಕೆಂಬುದು ಮಾನದಂಡ. ನಮ್ಮಲ್ಲಿ ಸ್ಪಷ್ಟವಾಗಿ ಕಂಡದ್ದು ಎರಡು ಸಲ. ಮೂರನೆಯದನ್ನು ಹರಡಿಕೊಂಡ ಪರಿಣಾಮ ಎಂದು ಓದಲು ಕಾರಣವಿದೆ: ಅದು ತಪಾಸಣೆಯ ಚಿಕಿತ್ಸೆ ಆರಂಭವಾದಾಗ ಅಲುಗಲಿಲ್ಲ, ತೊಳೆಯುವ ಚಿಕಿತ್ಸೆ ಆರಂಭವಾಗಿ ವಾರದೊಳಗೆ ಅಲುಗಿತು. ಕಾಲ ಕಳೆದದ್ದೇ ಕಾರಣವಾಗಿದ್ದರೆ ಈ ಹೊಂದಾಣಿಕೆ ಬರುತ್ತಿರಲಿಲ್ಲ. ಆದರೆ ಇದು ನೋಡಿದ ಮೇಲೆ ಹುಟ್ಟಿದ ವಿವರಣೆ, ಮೊದಲೇ ಬರೆದಿಟ್ಟ ಊಹೆಯಲ್ಲ. ವರದಿಯಲ್ಲಿ ಎರಡನ್ನೂ ಬೇರೆ ಬೇರೆ ಪರಿಚ್ಛೇದಗಳಲ್ಲಿ ಬರೆದೆವು.

ಮುಂದಿನ ಅಧ್ಯಯನದ ಯೋಜನೆ ಇದರಿಂದಲೇ ಬದಲಾಯಿತು. ಒಬ್ಬರೊಳಗಿನ ಆಚರಣೆಗಳು ಬೇರೆ ಬೇರೆ ಎಂದು ಅವುಗಳ ಹೊರರೂಪ ನೋಡಿ ನಿರ್ಧರಿಸುವುದಿಲ್ಲ. ಪ್ರತಿಯೊಂದಕ್ಕೂ "ಇದನ್ನು ಮಾಡದಿದ್ದರೆ ಏನಾಗುತ್ತದೆ, ಆಮೇಲೆ ಏನಾಗುತ್ತದೆ" ಎಂದು ಕೊನೆಯ ಭಯ ಸಿಗುವವರೆಗೆ ಕೇಳಿ, ಎರಡು ಒಂದೇ ಕಡೆ ಮುಟ್ಟಿದರೆ ಅವನ್ನು ಒಂದೇ ಎಂದು ಎಣಿಸುತ್ತೇವೆ. ಮುಖ್ಯ ವಿನ್ಯಾಸವೂ ಈಗ ವ್ಯಕ್ತಿಗಳ ನಡುವಿನದು: ರಾತ್ರಿಯ ತಪಾಸಣೆಯೇ ಮುಖ್ಯ ತೊಂದರೆಯಾಗಿರುವ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು, ಒಂದೇ ದಿನ ಎಣಿಕೆ ಆರಂಭ, ಬೇರೆ ಬೇರೆ ಉದ್ದದ ಮೂರು ಬೇಸ್‌ಲೈನುಗಳಲ್ಲಿ ಯಾರಿಗೆ ಯಾವುದು ಎಂಬುದು ಚೀಟಿಯಿಂದ. ಒಬ್ಬರು ಕಲಿತದ್ದು ಇನ್ನೊಬ್ಬರ ರೇಖೆಗೆ ಸೋರುವ ಭಯ ಅಲ್ಲಿಲ್ಲ. ಅಭ್ಯಾಸದ ವಾರ ಮತ್ತು ಆ ವಾರದ ಕೊನೆಗೆ ಮನೆಯವರೊಂದಿಗೆ ಪ್ರತ್ಯೇಕ ಮಾತುಕತೆ, ಇವೆರಡೂ ಈಗ ಪ್ರೋಟೋಕಾಲಿನ ಮೊದಲ ಪುಟದಲ್ಲೇ ಇವೆ.